ಬೂದು ಹಿನ್ನೆಲೆಯ ಮೇಲೆ ಒಂದು ಬೇರಿಂಗ್: ಬಿಡಿಭಾಗದ ಕ್ಯಾಟಲಾಗ್ ಫೋಟೊ ತೆಗೆಯುವ ಕ್ರಮ

25 ಮಿಮೀ ಶಾಫ್ಟಿಗೆ ಕೂರುವ ಬಾಲ್ ಬೇರಿಂಗ್‌ಗಳಲ್ಲಿ ಮಾಮೂಲಿಯಾಗಿ ಸಿಗುವವು ಮೂರು: 6005, 6205, 6305. ಮೂರರ ಒಳ ವ್ಯಾಸವೂ 25 ಮಿಮೀ. ಹೊರ ವ್ಯಾಸ ಮಾತ್ರ ಕ್ರಮವಾಗಿ 47, 52, 62. ದಪ್ಪ 12, 15, 17. ಮೋಟಾರು ಬಿಚ್ಚಿ ಹಳೇ ಬೇರಿಂಗ್ ಕೈಯಲ್ಲಿ ಹಿಡಿದುಕೊಂಡ ಮೆಕ್ಯಾನಿಕ್ ಪರದೆಯ ಮೇಲಿನ ಫೋಟೊ ನೋಡುತ್ತಿದ್ದಾನೆ ಎಂದುಕೊಳ್ಳಿ. ಅವನ ಹಳೇ ಬೇರಿಂಗ್ ಮೇಲಿನ ನಂಬರು ಸವೆದುಹೋಗಿರುತ್ತದೆ. ಹಾಗಾಗಿ ಅವನು ನೋಡುವುದು ಆಕಾರವನ್ನು: ನಡುವಿನ ತೂತು ಎಷ್ಟು ದೊಡ್ಡದು, ಸುತ್ತಲಿನ ಉಂಗುರ ಎಷ್ಟು ಅಗಲ, ಮುಚ್ಚಳ ರಬ್ಬರಿನದೋ ತಗಡಿನದೋ. 6005ರಲ್ಲಿ ತೂತು ಹೊರ ವ್ಯಾಸದ ನೂರಕ್ಕೆ 53ರಷ್ಟು, 6205ರಲ್ಲಿ 48, 6305ರಲ್ಲಿ 40. ಈ ವ್ಯತ್ಯಾಸ ಕಣ್ಣಿಗೆ ಕಾಣುವಂಥದ್ದೇ. ಆದರೆ ಫೋಟೊ ಹತ್ತಿರದಿಂದ ಓರೆಯಾಗಿ ತೆಗೆದದ್ದಾದರೆ, ಅಂಚು ಹಿನ್ನೆಲೆಯಲ್ಲಿ ಕರಗಿಹೋಗಿದ್ದರೆ, ಮೂರೂ ಒಂದೇ ಥರ ಕಾಣುತ್ತವೆ. ತಪ್ಪು ಮಾಲು ಹೋಗುತ್ತದೆ, ವಾಪಸು ಬರುತ್ತದೆ.

ಪೀಣ್ಯದಲ್ಲಾಗಲಿ, ಹುಬ್ಬಳ್ಳಿಯಲ್ಲಾಗಲಿ, ಬೆಳಗಾವಿಯ ಉದ್ಯಮಬಾಗ್‌ನಲ್ಲಾಗಲಿ, ಬಿಡಿಭಾಗ ಮಾರುವವರು ಈಗ ಪಿಡಿಎಫ್ ಕ್ಯಾಟಲಾಗನ್ನೋ ವಾಟ್ಸಾಪ್ ಫೋಟೊವನ್ನೋ ಕಳಿಸದೆ ವ್ಯವಹಾರ ನಡೆಯುವುದಿಲ್ಲ. ಆ ಫೋಟೊ ಅಳತೆಗೆ ನಿಷ್ಠವಾಗಿರಬೇಕಾದರೆ ಏನೇನು ಮಾಡಬೇಕು ಎಂಬುದನ್ನು 6205-2RS ಎಂಬ ಒಂದೇ ಬೇರಿಂಗ್ ಹಿಡಿದು ನೋಡೋಣ. ಕೈ ಉಪಕರಣಗಳಲ್ಲಿ ಬೇರೆಯದೇ ಕಷ್ಟಗಳಿರುವುದರಿಂದ ಕೊನೆಯ ಕಡೆ ಒಂದು ಸ್ಪ್ಯಾನರನ್ನೂ ತೆಗೆದುಕೊಳ್ಳುತ್ತೇವೆ.

ಬೂದು ಯಾಕೆ, ಎಷ್ಟು ಬೂದು

6205-2RS ಫೋಟೊಗೆ ಕಷ್ಟದ ವಸ್ತು. ಹೊರಗಿನ ಮತ್ತು ಒಳಗಿನ ಉಂಗುರ ಗ್ರೈಂಡ್ ಮಾಡಿದ ಉಕ್ಕು, ಹೆಚ್ಚುಕಡಿಮೆ ಕನ್ನಡಿ. ಎರಡರ ನಡುವಿನ ಸೀಲು ಸಾಮಾನ್ಯವಾಗಿ ಕಪ್ಪು ರಬ್ಬರು. ಬಿಳಿ ಹಿನ್ನೆಲೆಯ ಮೇಲಿಟ್ಟರೆ ಉಕ್ಕಿನ ಉಂಗುರ ಸುತ್ತಲಿನ ಬಿಳಿಯನ್ನೇ ಪ್ರತಿಫಲಿಸಿ ಅದರೊಳಗೇ ಸೇರಿಹೋಗುತ್ತದೆ, ಹೊರ ವ್ಯಾಸ ಎಲ್ಲಿ ಮುಗಿಯಿತು ಎಂಬುದೇ ತಿಳಿಯುವುದಿಲ್ಲ. ಅದರ ಮೇಲೆ, ಜೋರಾಗಿ ಬೆಳಗಿದ ಬಿಳಿ ಹಿನ್ನೆಲೆಯಿಂದ ಲೆನ್ಸಿನೊಳಗೆ ಚೆಲ್ಲುವ ಬೆಳಕು ರಬ್ಬರಿನ ಕಪ್ಪನ್ನೂ ಮಂಕಾಗಿಸುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಇದಕ್ಕೆ ಉಲ್ಟಾ: ಉಕ್ಕು ಕಪ್ಪನ್ನು ಪ್ರತಿಫಲಿಸುತ್ತದೆ, ಅಂಚಿನ ಚಾಂಫರ್ ಮಾಯವಾಗುತ್ತದೆ. ಬಣ್ಣದ ಬಟ್ಟೆ ಹಾಸಿದರಂತೂ ಆ ಬಣ್ಣ ಉಕ್ಕಿನ ಮೇಲೆ ಕೂತು, ನೀಲಿ ಬಟ್ಟೆಯಾದರೆ ಬೇರಿಂಗೇ ನೀಲಿಯಾಗುತ್ತದೆ. ಬಿಳಿ ಉಕ್ಕಿಗೂ ಕಪ್ಪು ರಬ್ಬರಿಗೂ ನಡುವೆ ನಿಲ್ಲುವ, ತನ್ನದೇ ಬಣ್ಣವಿಲ್ಲದ ಬೂದು ಮಾತ್ರ ಎರಡರ ಅಂಚನ್ನೂ ಒಟ್ಟಿಗೆ ಉಳಿಸುತ್ತದೆ.

ಆ ಬೂದು ಎಷ್ಟಿರಬೇಕು ಎಂಬುದನ್ನು ಕಣ್ಣಳತೆಗೆ ಬಿಡಬಾರದು, ಸಂಖ್ಯೆಯಲ್ಲಿ ಹಿಡಿಯಬೇಕು. ಫೋಟೊಗ್ರಫಿ ಅಂಗಡಿಯಲ್ಲಿ ಸಿಗುವ ಗ್ರೇ ಕಾರ್ಡ್ ಬೀಳುವ ಬೆಳಕಿನ ನೂರಕ್ಕೆ 18ರಷ್ಟನ್ನು ಹಿಂತಿರುಗಿಸುತ್ತದೆ. sRGB ಫೈಲಿನಲ್ಲಿ ಅದು ಆರ್‌ಜಿಬಿ ಮೂರರಲ್ಲೂ ಸುಮಾರು 118. ಬೇರಿಂಗಿಗೆ ಇದು ತುಸು ಗಾಢವಾಯಿತು, ರಬ್ಬರು ಹಿನ್ನೆಲೆಗೆ ಹತ್ತಿರವಾಗುತ್ತದೆ. ನಮ್ಮ ಅನುಭವದಲ್ಲಿ 160ರ ಆಸುಪಾಸು ಹದ. ಉಕ್ಕು 230ರ ಹತ್ತಿರ, ರಬ್ಬರು 40ರ ಹತ್ತಿರ ಬಂದರೆ ಎರಡಕ್ಕೂ ಹಿನ್ನೆಲೆಯಿಂದ ಸಾಕಷ್ಟು ಅಂತರ ಸಿಗುತ್ತದೆ. ಅದೇ 18 ಶೇಕಡದ ಕಾಗದಕ್ಕೆ ಒಂದು ಸ್ಟಾಪ್ ಹೆಚ್ಚು, ಅಂದರೆ ಎರಡು ಪಟ್ಟು ಬೆಳಕು ಕೊಟ್ಟರೆ ಸರಿಸುಮಾರು 160 ಬರುತ್ತದೆ. ಕ್ಯಾಮೆರಾದ ಟೋನ್ ಕರ್ವ್‌ಗೆ ತಕ್ಕಂತೆ ಸ್ವಲ್ಪ ಅತ್ತಿತ್ತ ಆಗಬಹುದು. ಆದ್ದರಿಂದ ಬೇರೆ ಬೇರೆ ಬೂದು ಕಾಗದ ಹುಡುಕುವ ಅಗತ್ಯವಿಲ್ಲ. ಒಂದೇ ಕಾಗದ ಇಟ್ಟುಕೊಂಡು ಬೆಳಕನ್ನು ಬದಲಿಸಿದರಾಯಿತು.

ಕಾಗದ ನಿಜಕ್ಕೂ ತಟಸ್ಥ ಬೂದೇ ಎಂಬುದನ್ನು ಮಾತ್ರ ಮೊದಲು ಪರೀಕ್ಷಿಸಿ. ಸ್ಟೇಷನರಿ ಅಂಗಡಿಯ ಬೂದು ಚಾರ್ಟ್ ಪೇಪರ್ ಬಹಳ ಸಲ ನೀಲಿಗೋ ಹಸಿರಿಗೋ ತಿರುಗಿರುತ್ತದೆ. ಗ್ರೇ ಕಾರ್ಡನ್ನು ಅದರ ಪಕ್ಕದಲ್ಲಿಟ್ಟು ಒಂದು ಫೋಟೊ ತೆಗೆದು, ವೈಟ್ ಬ್ಯಾಲೆನ್ಸನ್ನು ಕಾರ್ಡಿನ ಮೇಲೆ ಹೊಂದಿಸಿ, ಆಮೇಲೆ ಚಾರ್ಟ್ ಪೇಪರಿನ ಆರ್‌ಜಿಬಿ ಓದಿ. ಕಾರ್ಡು 118, 118, 118 ತೋರಿಸುವಾಗ ಪೇಪರು 112, 118, 127 ತೋರಿಸಿದರೆ ಅದು ನೀಲಿ ಕಾಗದ. ಎಡಿಟಿಂಗಿನಲ್ಲಿ ಹಿನ್ನೆಲೆ ಸರಿಮಾಡಿದರೂ ಉಂಗುರದ ಮೇಲಿನ ಪ್ರತಿಫಲನ ನೀಲಿಯಾಗಿಯೇ ಉಳಿಯುತ್ತದೆ. ಅಂಥ ಕಾಗದ ಬಿಟ್ಟುಬಿಡುವುದೇ ಸರಿ. ಇದೇ ಕಾರಣಕ್ಕೆ ಫೋಟೊ ತೆಗೆಯುವವರ ಅಂಗಿಯೂ ಬೂದೋ ಕಪ್ಪೋ ಆಗಿರಬೇಕು. ಹೊಳೆಯುವ ಉಕ್ಕಿನಲ್ಲಿ ಕೆಂಪು ಅಂಗಿ ಸಣ್ಣ ಕೆಂಪು ಗೆರೆಯಾಗಿ ಕಾಣಿಸಿಕೊಳ್ಳುತ್ತದೆ, ನೋಡುವವರಿಗೆ ಅದು ತುಕ್ಕಿನಂತೆ ಕಾಣಬಹುದು.

ಕ್ಯಾಮೆರಾ ಎಷ್ಟು ದೂರ

ಆಕಾರ ಕೆಡುವುದು ದೂರ ಸಾಲದೇ ಹೋದಾಗ. ಬೇರಿಂಗನ್ನು ಮೇಜಿನ ಮೇಲೆ ಮಲಗಿಸಿ, ಪಕ್ಕದಲ್ಲಿ ಸ್ಟೀಲ್ ಸ್ಕೇಲ್ ಇಟ್ಟು, ಮೇಲಿನಿಂದ 400 ಮಿಮೀ ದೂರದಲ್ಲಿ ಫೋಟೊ ತೆಗೆದಿರಿ ಎಂದುಕೊಳ್ಳಿ. ಸ್ಕೇಲ್ ಮೇಜಿನ ಮಟ್ಟದಲ್ಲಿದೆ, ಬೇರಿಂಗಿನ ಮೇಲ್ಮುಖ ಅದಕ್ಕಿಂತ 15 ಮಿಮೀ ಎತ್ತರದಲ್ಲಿ, ಅಂದರೆ ಲೆನ್ಸಿಗೆ 385 ಮಿಮೀ ದೂರದಲ್ಲಿದೆ. ಹತ್ತಿರದ್ದು ದೊಡ್ಡದಾಗಿ ಕಾಣುವುದರಿಂದ ಫೋಟೊದಲ್ಲಿ ಸ್ಕೇಲಿಗೆ ಹಿಡಿದು ಅಳೆದರೆ 52 × 400 ÷ 385, ಅಂದರೆ 54 ಮಿಮೀ. ಉಕ್ಕು ಬೆಳೆದಿಲ್ಲ, ಫೋಟೊ ಸುಳ್ಳು ಹೇಳುತ್ತಿದೆ. ಮೊಬೈಲಿನ ಮಾಮೂಲಿ ಲೆನ್ಸಿನಲ್ಲಿ 150 ಮಿಮೀ ಹತ್ತಿರ ಹೋದರೆ ಅದೇ ಬೇರಿಂಗ್ 58 ಮಿಮೀ ಹತ್ತಿರ ತೋರಿಸುತ್ತದೆ.

ಇದಕ್ಕೆ ಎರಡು ಪರಿಹಾರ, ಎರಡನ್ನೂ ಮಾಡಬೇಕು. ಒಂದು, ಸ್ಕೇಲನ್ನು ಅಳೆಯಬೇಕಾದ ಮುಖದ ಮಟ್ಟಕ್ಕೇ ಎತ್ತುವುದು. 15 ಮಿಮೀ ದಪ್ಪದ ಮರದ ತುಂಡೋ ಇನ್ನೊಂದು 6205 ಬೇರಿಂಗೋ ಕೆಳಗಿಟ್ಟರೆ ಸಾಕು. ಎರಡು, ದೂರ ಸರಿದು ಉದ್ದದ ಫೋಕಲ್ ಲೆಂಗ್ತ್ ಬಳಸುವುದು. 100 ಮಿಮೀ ಮ್ಯಾಕ್ರೊ ಲೆನ್ಸ್ ಇದ್ದರೆ ಸುಮಾರು 600 ಮಿಮೀ ದೂರ ಒಳ್ಳೆಯ ರಾಜಿ. ಆ ದೂರದಲ್ಲಿ ಫುಲ್ ಫ್ರೇಮ್ 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಬೇರಿಂಗಿನ ವ್ಯಾಸಕ್ಕೆ ಸುಮಾರು 1700 ಪಿಕ್ಸೆಲ್ ಸಿಗುತ್ತದೆ, ಕ್ಯಾಟಲಾಗಿಗೆ ಧಾರಾಳ. ಇನ್ನೂ ದೂರ ಹೋದರೆ ಆಕಾರ ಇನ್ನಷ್ಟು ನಿಖರ, ಆದರೆ ಪಿಕ್ಸೆಲ್ ಕಡಿಮೆ. ಮೊಬೈಲೇ ಇರುವುದಾದರೆ 3 ಪಟ್ಟಿನ ಟೆಲಿ ಲೆನ್ಸ್ ಆಯ್ದುಕೊಂಡು ಹಿಂದೆ ಸರಿಯಿರಿ. ಡಿಜಿಟಲ್ ಜೂಮ್ ಬೇಡ, ಅದು ಹೊಸ ವಿವರ ಏನನ್ನೂ ಕೊಡುವುದಿಲ್ಲ.

ಕ್ಯಾಮೆರಾ ಮೇಜಿಗೆ ಲಂಬವಾಗಿದೆಯೇ ಎಂದು ತಿಳಿಯಲು ಸ್ಪಿರಿಟ್ ಲೆವೆಲ್‌ಗಿಂತ ನಂಬಿಕಸ್ತ ಉಪಾಯವಿದೆ. ಬೇರಿಂಗ್ ಇಡುವ ಜಾಗದಲ್ಲಿ ಒಂದು ಸಣ್ಣ ಚಪ್ಪಟೆ ಕನ್ನಡಿ ಮಲಗಿಸಿ. ವ್ಯೂಫೈಂಡರಿನಲ್ಲಿ ಲೆನ್ಸಿನ ಪ್ರತಿಬಿಂಬ ಫ್ರೇಮಿನ ನಟ್ಟನಡುವೆ ಬರುವವರೆಗೆ ಟ್ರೈಪಾಡಿನ ತಲೆಯನ್ನು ಹೊಂದಿಸಿ. ಮಧ್ಯಕ್ಕೆ ಬಂತೆಂದರೆ ಲಂಬವಾಯಿತು.

ಮೇಲಿನಿಂದ ತೆಗೆದರೆ ಉಂಗುರ ಕಪ್ಪಾಗುವುದು

ಇಷ್ಟೆಲ್ಲ ಸರಿಮಾಡಿ, ಎರಡೂ ಬದಿ ಸಾಫ್ಟ್‌ಬಾಕ್ಸ್ ಇಟ್ಟು ಮೇಲಿನಿಂದ ಕ್ಲಿಕ್ಕಿಸಿದರೆ ಉಂಗುರಗಳು ಕಪ್ಪಗೆ ಬರುತ್ತವೆ. ಬಹಳ ಜನ ಇಲ್ಲಿ ಬೆಳಕು ಸಾಲದು ಎಂದುಕೊಂಡು ಹೆಚ್ಚಿಸುತ್ತಾರೆ. ಹಿನ್ನೆಲೆ ಬಿಳಿಯಾಗುತ್ತದೆ, ಉಂಗುರ ಕಪ್ಪಾಗಿಯೇ ಇರುತ್ತದೆ. ಕಾರಣ ಸರಳ: ಚಪ್ಪಟೆ ಉಕ್ಕು ಕನ್ನಡಿಯಂತೆ ತನ್ನ ನೇರ ಎದುರಿಗಿರುವುದನ್ನು ತೋರಿಸುತ್ತದೆ. ಎದುರಿಗಿರುವುದು ಕಪ್ಪು ಕ್ಯಾಮೆರಾ ಮತ್ತು ಕತ್ತಲ ಸೂರು. ಬದಿಯ ದೀಪ ಎಷ್ಟೇ ಜೋರಾಗಿದ್ದರೂ ಅದರ ಪ್ರತಿಫಲನ ಇನ್ನೊಂದು ಬದಿಗೆ ಹೋಗುತ್ತದೆಯೇ ಹೊರತು ಲೆನ್ಸಿಗೆ ಬರುವುದಿಲ್ಲ. ಹೊಳೆಯುವ ಲೋಹಕ್ಕೆ ಬೆಳಕು ಹಾಕುವುದು ಎಂದರೆ ನಿಜದಲ್ಲಿ ಅದು ನೋಡುತ್ತಿರುವ ಜಾಗಕ್ಕೆ ಬೆಳಕು ಹಾಕುವುದು.

ಹಾಗಾಗಿ ಲೆನ್ಸಿನ ಸುತ್ತ ಬಿಳಿ ಹಲಗೆ ಬೇಕು. ಒಂದು ಅಡಿ ಚದರದ ಬಿಳಿ ಸನ್‌ಬೋರ್ಡಿನ ನಡುವೆ ಲೆನ್ಸಿಗಾಗಿ ತೂತು ಮಾಡಿ, ಲೆನ್ಸಿನ ತುದಿಗೆ ತಾಗುವಂತೆ ಸಿಕ್ಕಿಸಿ, ಬದಿಯ ದೀಪಗಳನ್ನು ಆ ಹಲಗೆಯ ಕೆಳಮುಖಕ್ಕೆ ತಿರುಗಿಸಿ. ಈಗ ಉಂಗುರ ಬಿಳಿ ಹಲಗೆಯನ್ನು ನೋಡುತ್ತದೆ. ಉಳಿಯುವುದು ಆ ತೂತಿನ ಕಪ್ಪು ಪ್ರತಿಬಿಂಬ. ಇಲ್ಲಿ ಒಂದು ಲೆಕ್ಕ ಕೈಹಿಡಿಯುತ್ತದೆ. ಲೆನ್ಸಿನ ಮಟ್ಟದಲ್ಲಿರುವ ತೂತು, ಚಪ್ಪಟೆ ಕನ್ನಡಿಯ ಮೇಲೆ ತನ್ನ ಅರ್ಧ ಅಳತೆಯಲ್ಲಿ ಕಾಣಿಸುತ್ತದೆ. ತೂತು 50 ಮಿಮೀ ಮಾಡಿದರೆ ಪ್ರತಿಬಿಂಬ 25 ಮಿಮೀ ಜಾಗ ತುಂಬುತ್ತದೆ. 6205ರ ನಡುವಿನ ತೂತೂ 25 ಮಿಮೀ! ಬೇರಿಂಗ್ ಸರಿಯಾಗಿ ಫ್ರೇಮಿನ ಮಧ್ಯದಲ್ಲಿದ್ದರೆ ಕಪ್ಪು ವೃತ್ತ ಲೋಹವೇ ಇಲ್ಲದ ಕಡೆ ಬಿದ್ದು ಪೂರ್ತಿ ಮಾಯವಾಗುತ್ತದೆ. f/11ರಲ್ಲಿ 100 ಮಿಮೀ ಲೆನ್ಸ್ ಬೆಳಕು ತೆಗೆದುಕೊಳ್ಳುವ ದ್ವಾರ ಬರೀ 9 ಮಿಮೀ ಆದ್ದರಿಂದ 50 ಮಿಮೀ ತೂತು ಚಿತ್ರದ ಮೂಲೆಗಳನ್ನು ಕತ್ತರಿಸುವುದಿಲ್ಲ. ಒಂದು ಮಿಲಿಮೀಟರ್ ಆಚೀಚೆ ಸರಿದರೂ ಒಳ ಉಂಗುರದ ಒಂದು ಬದಿಯಲ್ಲಿ ಕಪ್ಪು ಕುಡುಗೋಲಿನ ಆಕಾರ ಮೂಡುತ್ತದೆ. ಅದು ಕಂಡರೆ ಬೇರಿಂಗನ್ನು ಆ ಕಪ್ಪು ಕಂಡ ಬದಿಯ ದಿಕ್ಕಿಗೇ ಕೂದಲೆಳೆಯಷ್ಟು ತಳ್ಳಿ.

ತೂತು ಇಲ್ಲದ ಭಾಗಗಳಿಗೆ, ಉದಾಹರಣೆಗೆ ಚಪ್ಪಟೆ ಫ್ಲ್ಯಾಂಜಿಗೆ, ಈ ಉಪಾಯ ನಡೆಯದು. ಅಲ್ಲಿ ವಸ್ತುವನ್ನು ಸುಮಾರು 5 ಡಿಗ್ರಿ ಓರೆ ಮಾಡುವುದೇ ದಾರಿ. 5 ಡಿಗ್ರಿ ಓರೆಗೆ ಆ ದಿಕ್ಕಿನ ಅಳತೆ ನೂರಕ್ಕೆ ಅರ್ಧವೂ ಕುಗ್ಗುವುದಿಲ್ಲ, ಆದರೆ ಪ್ರತಿಫಲನ 10 ಡಿಗ್ರಿ ಸರಿದು, 600 ಮಿಮೀ ದೂರದಲ್ಲಿ ಲೆನ್ಸಿಗಿಂತ ಸುಮಾರು 105 ಮಿಮೀ ಪಕ್ಕಕ್ಕೆ ಹೋಗುತ್ತದೆ. ಆ ಜಾಗದಲ್ಲಿ ಬಿಳಿ ಹಲಗೆ ಇಟ್ಟರಾಯಿತು.

ಎಲ್ಲವೂ ಬಿಳಿಯಾದರೆ ಮತ್ತೊಂದು ತೊಂದರೆ. ಅಂಚಿನ ಚಾಂಫರ್ ಮುಖದಲ್ಲೇ ಸೇರಿಹೋಗಿ ಉಂಗುರ ಕಾಗದದಿಂದ ಕತ್ತರಿಸಿದ ಹಾಗೆ ಕಾಣುತ್ತದೆ. ಚಾಂಫರ್ ಓರೆಯಾಗಿರುವುದರಿಂದ ಅದು ನೋಡುವುದು ಮೇಲಿನ ಹಲಗೆಯನ್ನಲ್ಲ, ಬದಿಯನ್ನು. ಆದ್ದರಿಂದ ಬೇರಿಂಗಿನ ಸುತ್ತ ಫ್ರೇಮಿನ ಆಚೆ ಕಪ್ಪು ಚಾರ್ಟ್ ಪೇಪರಿನ ಎರಡಿಂಚು ಎತ್ತರದ ಪಟ್ಟಿ ನಿಲ್ಲಿಸಿ. ಚಾಂಫರ್ ತೆಳುವಾದ ಕಪ್ಪು ಗೆರೆಯಾಗಿ ಎದ್ದು ಬಂದು ಹೊರ ವ್ಯಾಸವನ್ನು ಪೆನ್ನಿನಲ್ಲಿ ಬರೆದಷ್ಟು ಸ್ಪಷ್ಟ ಮಾಡುತ್ತದೆ. ನಾಲ್ಕೂ ಕಡೆ ಬಿಳಿ ಬಟ್ಟೆಯಿರುವ ಲೈಟ್ ಟೆಂಟನ್ನು ಲೋಹಕ್ಕೆ ನಾವು ಒಪ್ಪದಿರುವುದು ಇದಕ್ಕೇ. ಅದರಲ್ಲಿ ಈ ಕಪ್ಪು ಗೆರೆಗೆ ಜಾಗವೇ ಇಲ್ಲ.

ಪೋಲರೈಸರ್ ಫಿಲ್ಟರ್ ಹಾಕಿದರೆ ಹೊಳಪು ಹೋಗುತ್ತದೆ ಎಂಬ ಮಾತು ಅಲ್ಲಲ್ಲಿ ಕೇಳಿಬರುತ್ತದೆ. ರಬ್ಬರು, ಪ್ಲಾಸ್ಟಿಕ್ಕು, ಎಣ್ಣೆಪಸೆಯ ವಿಷಯದಲ್ಲಿ ಅದು ನಿಜ. ಬರಿ ಲೋಹದ ಹೊಳಪು ಲೆನ್ಸಿನ ಫಿಲ್ಟರ್ ಒಂದರಿಂದಲೇ ಹೋಗುವುದಿಲ್ಲ. ದೀಪಕ್ಕೂ ಪೋಲರೈಸರ್ ಹಾಳೆ ಹಾಕಿದರೆ ಹೋಗುತ್ತದೆ, ಆದರೆ ಆಗ ಉಕ್ಕು ಸೀಸದಂತೆ ಮಂಕಾಗಿ, ಅದು ಗ್ರೈಂಡ್ ಮಾಡಿದ ಮೈ ಎಂಬುದೇ ತಿಳಿಯುವುದಿಲ್ಲ. ಹೊಳಪು ಮುಚ್ಚುವ ಡಲ್ಲಿಂಗ್ ಸ್ಪ್ರೇಗೂ ಇದೇ ಆಕ್ಷೇಪ. ಮಾರುವ ಮಾಲಿಗೆ ಇಲ್ಲದ ಫಿನಿಶ್ ತೋರಿಸಿದ ಹಾಗಾಗುತ್ತದೆ.

ಓರೆ ನೋಟ, ಮತ್ತು ಫೋಕಸ್ ಸಾಲದಿರುವುದು

ಮೇಲಿನ ನೋಟದಲ್ಲಿ ವ್ಯಾಸಗಳು ಗೊತ್ತಾಗುತ್ತವೆ, ದಪ್ಪ ಗೊತ್ತಾಗುವುದಿಲ್ಲ. ಅದಕ್ಕೆ ಮೇಜಿನಿಂದ 30–35 ಡಿಗ್ರಿ ಎತ್ತರದಿಂದ ಎರಡನೇ ಫೋಟೊ ಬೇಕು. ಇಲ್ಲಿ ಬೇರಿಂಗಿನ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ಆಳದಲ್ಲಿ 40 ಮಿಮೀಗಿಂತ ಹೆಚ್ಚು ಅಂತರವಿರುತ್ತದೆ. ಮೇಲೆ ಹೇಳಿದ ದೂರದಲ್ಲಿ f/11ಕ್ಕೆ ಚೂಪಾಗಿ ಬರುವ ಆಳ ಹೆಚ್ಚೆಂದರೆ 20 ಮಿಮೀ. f/22ಕ್ಕೆ ಇಳಿಸಿದರೆ ಆಳ ಹೆಚ್ಚುತ್ತದೆ, ಆದರೆ ಬೆಳಕಿನ ಡಿಫ್ರಾಕ್ಷನ್‌ನಿಂದ ಇಡೀ ಚಿತ್ರ ಒಂದಿಷ್ಟು ಮೆತ್ತಗಾಗಿ, ರಬ್ಬರಿನ ತುಟಿಯ ಸಣ್ಣ ಗೆರೆ ಕಳೆದುಹೋಗುತ್ತದೆ. f/8 ಅಥವಾ f/11ರಲ್ಲೇ ಇಟ್ಟು, ಫೋಕಸನ್ನು ಸುಮಾರು 8 ಮಿಮೀಯಂತೆ ಹಿಂದಕ್ಕೆ ಸರಿಸುತ್ತ 6ರಿಂದ 8 ಫ್ರೇಮ್ ತೆಗೆದು ಸಾಫ್ಟ್‌ವೇರಿನಲ್ಲಿ ಸೇರಿಸುವುದು ಮೇಲು. ಸೇರಿಸಿದ ಮೇಲೆ ಮುಂದಿನ ಅಂಚು ಹಿಂದಿನ ಭಾಗದ ಮೇಲೆ ಹಾಯುವ ಕಡೆ 100 ಶೇಕಡಕ್ಕೆ ಹಿಗ್ಗಿಸಿ ನೋಡಿ. ಮಸುಕು ಪ್ರಭೆಯೋ ಜೋಡಿ ಗೆರೆಯೋ ಕಂಡರೆ ಸಾಫ್ಟ್‌ವೇರ್ ಅಲ್ಲಿ ತಪ್ಪಿದೆ ಎಂದರ್ಥ. ಆ ತುಂಡಿಗೆ ಮಾತ್ರ ಮೂಲ ಫ್ರೇಮಿನಿಂದ ತೇಪೆ ಹಾಕಬೇಕು. ಇಲ್ಲದ ಮೆಟ್ಟಿಲೊಂದನ್ನು ಉಂಗುರದ ಮೇಲೆ ಸೃಷ್ಟಿಸುವುದು ಬಿಡಿಭಾಗದ ಚಿತ್ರದಲ್ಲಿ ಸಣ್ಣ ತಪ್ಪಲ್ಲ.

ಎಲ್ಇಡಿ ದೀಪ ಬಳಸುವವರು ಶಟರ್ 1/50 ಅಥವಾ 1/100 ಸೆಕೆಂಡಿನಲ್ಲಿಡಿ. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಅದಕ್ಕೆ ಹೊಂದದ ಶಟರಿನಲ್ಲಿ ಬೂದು ಹಿನ್ನೆಲೆಯ ಮೇಲೆ ಅಡ್ಡ ಪಟ್ಟೆಗಳು ಬರಬಹುದು, ಇಲ್ಲವೇ ಫ್ರೇಮಿನಿಂದ ಫ್ರೇಮಿಗೆ ಬೆಳಕು ಏರುಪೇರಾಗಬಹುದು.

ಶುಚಿ ಮಾಡುವಾಗ

ಹೊಸ ಬೇರಿಂಗ್ ಮೇಲೆ ತುಕ್ಕು ತಡೆಯುವ ಎಣ್ಣೆಯ ತೆಳು ಪದರ ಇರುತ್ತದೆ. ಅದು ಫೋಟೊದಲ್ಲಿ ಕಾಮನಬಿಲ್ಲಿನ ಕಲೆಯಾಗಿ ಬರಬಹುದು ಎಂದು ಪೆಟ್ರೋಲಿನಲ್ಲೋ ಸೀಮೆಎಣ್ಣೆಯಲ್ಲೋ ಅದ್ದಬೇಡಿ. ದ್ರಾವಕ ಸೀಲಿನ ತುಟಿ ದಾಟಿ ಒಳಗಿನ ಗ್ರೀಸನ್ನು ತೆಳುವಾಗಿಸಿದರೆ ಹೊರಗಿನಿಂದ ಏನೂ ತಿಳಿಯುವುದಿಲ್ಲ, ಆ ಪೀಸು ಮಾರಲು ಮಾತ್ರ ಯೋಗ್ಯವಲ್ಲ. ನೂಲು ಬಿಡದ ಬಟ್ಟೆಯಲ್ಲಿ ಹೊರಮೈ ಒರೆಸಿ. ಕಾಟನ್ ವೇಸ್ಟ್ ಬೇಡ, ಅದರ ಎಳೆ ಸೀಲಿನ ಸಂದಿಯಲ್ಲಿ ಸಿಕ್ಕಿಕೊಂಡು 1700 ಪಿಕ್ಸೆಲ್‌ನಲ್ಲಿ ಹಗ್ಗದಂತೆ ಕಾಣುತ್ತದೆ. ಕೈಗವಸು ಹಾಕಿಕೊಳ್ಳಿ, ಬೆವರಿನ ಬೆರಳಚ್ಚು ಫೋಟೊ ಕೆಡಿಸುವುದಷ್ಟೇ ಅಲ್ಲ, ಅದೇ ಜಾಗದಲ್ಲಿ ಮುಂದೆ ತುಕ್ಕೂ ಹಿಡಿಯುತ್ತದೆ. ಫೋಟೊ ಮುಗಿದ ಮೇಲೆ ಎಣ್ಣೆ ಸವರಿ ಪ್ಯಾಕಿಂಗಿಗೆ ಹಾಕಿ.

ನಂಬರು ಓದಿಸುವುದು

ಮೂರನೇ ಫೋಟೊ ಉಂಗುರದ ಮೇಲಿನ ಬರಹದ್ದು. ಇದನ್ನು ಬಿಡುವವರು ಬಹಳ, ಆದರೆ ಖರೀದಿಸುವವರು ಹಿಗ್ಗಿಸಿ ನೋಡುವುದು ಇದನ್ನೇ. ಲೇಸರಿನಲ್ಲಿ ಕೆತ್ತಿದ ಅಕ್ಷರ ಹೊಳಪಿಲ್ಲದ್ದು. ಉಂಗುರ ಬಿಳಿ ಹಲಗೆಯನ್ನು ನೋಡುತ್ತಿದ್ದರೆ ಲೋಹ ಬಿಳಿಯಾಗಿ ಅಕ್ಷರ ಕಪ್ಪಗೆ ನಿಲ್ಲುತ್ತದೆ. ಹಲಗೆ ತೆಗೆದರೆ ಲೋಹವೂ ಕಪ್ಪಾಗಿ ಅಕ್ಷರ ಅರ್ಧಂಬರ್ಧ ಉಳಿಯುತ್ತದೆ. ಅಚ್ಚು ಒತ್ತಿದ ಅಥವಾ ಫೋರ್ಜಿಂಗಿನಲ್ಲೇ ಉಬ್ಬಿ ಬಂದ ಅಕ್ಷರಕ್ಕೆ ಬೇರೆ ಬೆಳಕು ಬೇಕು: ಒಂದೇ ಬದಿಯಿಂದ, ಮೈಗೆ 15–20 ಡಿಗ್ರಿ ತಗ್ಗಿನಲ್ಲಿ ಉಜ್ಜಿಕೊಂಡು ಹೋಗುವ ಬೆಳಕು. ಆಗ ಪ್ರತಿ ಅಕ್ಷರದ ಒಂದು ಅಂಚು ಬೆಳಗಿ ಇನ್ನೊಂದಕ್ಕೆ ನೆರಳು ಬೀಳುತ್ತದೆ.

ಕಡೆಗೆ ಫೋಟೊ ಯಾವ ಅಳತೆಯಲ್ಲಿ ತೋರುತ್ತದೆ ಎಂದೂ ಲೆಕ್ಕ ಹಾಕಿ. ಅಕ್ಷರದ ಎತ್ತರ 2 ಮಿಮೀ ಎನ್ನೋಣ. 170 ಮಿಮೀ ಉದ್ದದ ಸ್ಪ್ಯಾನರ್ 800 ಪಿಕ್ಸೆಲ್ ಅಗಲ ತುಂಬಿದರೆ ಒಂದು ಮಿಲಿಮೀಟರಿಗೆ 4.7 ಪಿಕ್ಸೆಲ್, ಅಕ್ಷರಕ್ಕೆ ಬರೀ 9 ಪಿಕ್ಸೆಲ್. ಜೆಪೆಗ್ ಒತ್ತಿದ ಮೇಲೆ 6 ಮತ್ತು 8ರ ನಡುವೆ ವ್ಯತ್ಯಾಸ ಉಳಿಯುವುದೇ ಅನುಮಾನ. ಬರಹದ ಫೋಟೊ ಬೇರೆಯೇ ಇರಬೇಕು ಎನ್ನುವುದು ಇದರಿಂದ. ಮೊಬೈಲಿನ ನಾಯ್ಸ್ ತೆಗೆಯುವ ಪ್ರೋಗ್ರಾಮೂ ಇಂಥ ಸಣ್ಣ ಕೆತ್ತನೆಯನ್ನು ಬಳಿದು ಹಾಕುತ್ತದೆ, ಅಲ್ಲಿ ರಾ ಫೈಲಿನಲ್ಲಿ ತೆಗೆಯುವುದು ಕ್ಷೇಮ.

ಸ್ಪ್ಯಾನರಿನ ಮಾತು

13 ಮಿಮೀ ಕಾಂಬಿನೇಶನ್ ಸ್ಪ್ಯಾನರಿನಲ್ಲಿ ಒಂದು ತುದಿ ಬಾಯಿ ತೆರೆದದ್ದು, ಇನ್ನೊಂದು ರಿಂಗು, ಎರಡೂ ಒಂದೇ ಸೈಜು. ಬಾಯಿ ಹಿಡಿಯ ನೇರಕ್ಕೆ 15 ಡಿಗ್ರಿ ತಿರುಗಿರುತ್ತದೆ, ಇದು ಮೇಲಿನಿಂದ ಕಾಣುತ್ತದೆ. ರಿಂಗು ಸಾಮಾನ್ಯವಾಗಿ 15 ಡಿಗ್ರಿ ಮೇಲಕ್ಕೆ ಬಾಗಿರುತ್ತದೆ, ಅದು ಬದಿಯ ನೋಟದಲ್ಲಿ ಮಾತ್ರ ಗೊತ್ತಾಗುತ್ತದೆ. ಇಕ್ಕಟ್ಟಿನ ಜಾಗದಲ್ಲಿ ಕೆಲಸ ಮಾಡುವ ಫಿಟ್ಟರಿಗೆ ಬೇಕಿರುವುದು ಆ ಬದಿಯ ನೋಟ, ರಿಂಗಿನ ಗೋಡೆಯ ದಪ್ಪ ಕಾಣುವುದೂ ಅಲ್ಲೇ. ಹಾಗಾಗಿ ಸ್ಪ್ಯಾನರಿಗೆ ಮೇಲಿನದು, ಬದಿಯದು, ಬರಹದ್ದು ಎಂದು ಮೂರು. ಬರಹ ಯಾಕೆ ಮುಖ್ಯ ಎಂದರೆ ಅರ್ಧ ಇಂಚಿನ ಸ್ಪ್ಯಾನರ್ 12.7 ಮಿಮೀ, 13ರ ಪಕ್ಕದಲ್ಲಿಟ್ಟರೂ ಫೋಟೊದಲ್ಲಿ ಬೇರೆ ಎನ್ನಲಾಗದು.

ಕ್ರೋಮ್ ಲೇಪನದ ದುಂಡನೆಯ ಹಿಡಿ ಸುತ್ತಲಿನ ಎಲ್ಲವನ್ನೂ ತೆಳು ಗೆರೆಗಳಾಗಿ ಎಳೆದು ತೋರಿಸುತ್ತದೆ. ಸಣ್ಣ ದೀಪವಾದರೆ ಹಿಡಿಯುದ್ದಕ್ಕೂ ಒಂದು ಸುಟ್ಟ ಬಿಳಿ ಗೆರೆ. ಅದರ ಬದಲು ಹಿಡಿಗಿಂತ ಉದ್ದನೆಯ ಟ್ರೇಸಿಂಗ್ ಪೇಪರನ್ನು ಮೇಲೆ ಕಮಾನಿನಂತೆ ಕಟ್ಟಿ, ದೀಪವನ್ನು ಅದರ ಹಿಂದೆ ಅರ್ಧ ಮೀಟರು ದೂರವಿಟ್ಟು ಒಂದು ಅಂಚಿಗೆ ತಿರುಗಿಸಿ. ಬಿಳಿಯಿಂದ ಬೂದಿಗೆ ನಿಧಾನವಾಗಿ ಇಳಿಯುವ ಛಾಯೆ ಹಿಡಿಯ ದುಂಡುತನವನ್ನು ಹೇಳುತ್ತದೆ. ಎರಡೂ ಬದಿ ಕಪ್ಪು ಪಟ್ಟಿ ಇಲ್ಲೂ ಬೇಕು. ದೀಪ ಒಂದೇ ಬದಿಗಿದ್ದರೆ ಬೂದು ಕಾಗದ ಒಂದು ಕಡೆ ಬಿಳುಪಾಗಿ ಇನ್ನೊಂದು ಕಡೆ ಕಂದುತ್ತದೆ, ಯಾಕೆಂದರೆ ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಎದುರು ಬದಿಗೆ ಥರ್ಮೋಕೋಲ್ ಹಲಗೆ ಇಟ್ಟರೆ ಬಹುಪಾಲು ಸರಿಹೋಗುತ್ತದೆ.

ಹಿಡಿಯ ಮೇಲೆ ನರ್ಲಿಂಗ್ ಇರುವ ಟಾರ್ಕ್ ರೆಂಚಿನಂಥ ಉಪಕರಣಗಳಲ್ಲಿ, ದೊಡ್ಡ ಫೈಲನ್ನು ಒಮ್ಮೆಗೇ 200 ಪಿಕ್ಸೆಲ್‌ಗೆ ಇಳಿಸಿದಾಗ ಇಲ್ಲದ ಅಲೆ ಅಲೆ ವಿನ್ಯಾಸ ಮೂಡಬಹುದು. ಸಣ್ಣದು ಮಾಡುವ ಮುನ್ನ ಆ ಭಾಗವನ್ನು ಮಾತ್ರ ತುಸು ಬ್ಲರ್ ಮಾಡಿ.

ಎಡಿಟಿಂಗಿನಲ್ಲಿ ಕೈ ಹಾಕಬಾರದ ಕಡೆ

ಧೂಳಿನ ಚುಕ್ಕೆ ತೆಗೆಯಿರಿ. ಕಾಸ್ಟಿಂಗಿನ ಅಚ್ಚುಗೆರೆ, ಮೆಶಿನಿಂಗಿನ ಗೆರೆ, ನಂಬರು ಇವನ್ನು ಮುಟ್ಟಬೇಡಿ, ಅವು ಭಾಗದ ಗುರುತು. ಅತಿಯಾಗಿ ಶಾರ್ಪನ್ ಮಾಡಿದರೆ ಅಂಚಿನ ಸುತ್ತ ಬಿಳಿ ಗೆರೆ ಹುಟ್ಟಿ ಇಲ್ಲದ ಚಾಂಫರ್ ಇದ್ದಂತಾಗುತ್ತದೆ. ಹಿನ್ನೆಲೆ ಕತ್ತರಿಸಿ ಬದಲಿಸುವುದಾದರೆ ನಡುವಿನ ತೂತಿನೊಳಗೂ ಅದೇ ಬೂದು ಹೋಗಬೇಕು, ತಳದ ನೆರಳು ಉಳಿಯಬೇಕು.

ಎಲ್ಲಕ್ಕಿಂತ ಅಪಾಯದ್ದು ಚಿತ್ರವನ್ನು ಎಡಬಲ ತಿರುಗಿಸುವುದು. ಪುಟದ ವಿನ್ಯಾಸಕ್ಕೆ ಹೊಂದಲಿ ಎಂದು ಡಿಸೈನರ್ ಒಂದು ಫ್ಲಿಪ್ ಹೊಡೆಯುತ್ತಾರೆ. ಬೇರಿಂಗಿನಲ್ಲಾದರೆ ಅಕ್ಷರ ಉಲ್ಟಾ ಕಂಡು ಸಿಕ್ಕಿಬೀಳುತ್ತದೆ. ಬರಹವಿಲ್ಲದ ಭಾಗದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಬಲ ಥ್ರೆಡ್ಡಿನ ಬೋಲ್ಟು ಎಡ ಥ್ರೆಡ್ಡಿನದಾಗುತ್ತದೆ. ಪಂಪಿನ ಇಂಪೆಲರಿನ ರೆಕ್ಕೆಗಳು ಬಾಗುವ ದಿಕ್ಕು ಬದಲಾಗಿ, ಚಿತ್ರ ವಿರುದ್ಧ ದಿಕ್ಕಿಗೆ ತಿರುಗುವ ಪಂಪಿನದಾಗುತ್ತದೆ. ಹೆಲಿಕಲ್ ಗೇರಿನ ಹಲ್ಲಿನ ಓರೆಗೂ ಇದೇ ಗತಿ. ಇವು ನಿಜಕ್ಕೂ ಬೇರೆ ಬೇರೆ ಮಾಲುಗಳು. ಬಿಡಿಭಾಗದ ಚಿತ್ರವನ್ನು ಸುತ್ತಿಸಬಹುದು, ಕನ್ನಡಿಬಿಂಬ ಮಾಡುವ ಹಾಗಿಲ್ಲ.

ಕಳಿಸುವ ಮುಂಚೆ

ಹಿನ್ನೆಲೆಯ ಬೂದು ಇಡೀ ಕ್ಯಾಟಲಾಗಿನಲ್ಲಿ ಒಂದೇ ಆಗಿದೆಯೇ ಎಂದು ಕಣ್ಣಿನಿಂದ ಹೇಳಲಾಗದು, ಪರದೆಗಳು ಒಂದೊಂದೂ ಒಂದೊಂದು ಥರ. ImageMagick ಎಂಬ ಸಾಫ್ಟ್‌ವೇರ್ ಇದ್ದರೆ ಎಡ ಮೇಲ್ಮೂಲೆಯ ಸರಾಸರಿ ಹೀಗೆ ಸಿಗುತ್ತದೆ:

```
magick 6205-2rs-01.jpg -crop 60x60+20+20 +repage -scale 1x1! -depth 8 txt:-
```

ನಾಲ್ಕೂ ಮೂಲೆಗೆ ಓಡಿಸಿ. ಒಂದೇ ಮೂಲೆಯ ಮೂರು ಸಂಖ್ಯೆಗಳ ನಡುವೆ 3ಕ್ಕಿಂತ ಹೆಚ್ಚು ಅಂತರವಿದ್ದರೆ ಬಣ್ಣ ಸೇರಿದೆ, ವೈಟ್ ಬ್ಯಾಲೆನ್ಸ್ ನೋಡಿ. ಮೂಲೆಗಳ ನಡುವೆ 8–10ರ ಅಂತರವಿದ್ದರೆ ಬೆಳಕು ಒಂದು ಬದಿಗೆ ವಾಲಿದೆ. ಫೈಲಿನಲ್ಲಿ sRGB ಪ್ರೊಫೈಲ್ ಉಳಿಸಿ. ಅಚ್ಚಿಗೆ ಹೋಗುವುದಾದರೆ ಚಪ್ಪಟೆ ಬೂದನ್ನು ಕಪ್ಪು ಶಾಯಿಯೊಂದರಲ್ಲೇ ಹಾಕಿಸಿ. ನಾಲ್ಕು ಬಣ್ಣ ಬೆರೆಸಿದ ಬೂದು ಮೆಶಿನ್ ಸ್ವಲ್ಪ ಏರುಪೇರಾದರೂ ಕೆಂಪಿಗೋ ಹಸಿರಿಗೋ ತಿರುಗುತ್ತದೆ. ಅಮೆಜಾನಿನಂಥ ಕಡೆ ಮುಖ್ಯ ಚಿತ್ರ 255ರ ಶುದ್ಧ ಬಿಳಿಯ ಮೇಲೇ ಇರಬೇಕು ಎಂಬ ನಿಯಮವಿದೆ. ಅಲ್ಲಿಗೆ ಬೂದಿನ ಮೇಲೆ ತೆಗೆದದ್ದನ್ನೇ ಕತ್ತರಿಸಿ ಬಿಳಿಯ ಮೇಲಿಡಬಹುದು, ಅಂಚಿನ ಕಪ್ಪು ಗೆರೆ ಇರುವುದರಿಂದ ಕತ್ತರಿಸುವುದೂ ಸುಲಭ.

ಒಂದು ಮಿತಿಯನ್ನು ಮಾತ್ರ ಯಾವ ಬೆಳಕೂ ದಾಟಿಸಲಾರದು. 6205-2RS ಮತ್ತು 6205-2RS C3 ಹೊರಗಿನಿಂದ ತದ್ರೂಪು. C3ಯಲ್ಲಿ ಗುಂಡುಗಳಿಗೂ ಉಂಗುರಕ್ಕೂ ನಡುವಿನ ಸಡಿಲ ಹೆಚ್ಚು, ಅದು ಮೈಕ್ರಾನ್‌ಗಳ ಮಾತು. ವ್ಯತ್ಯಾಸ ಕಾಣುವುದು ಬರಹದ ಫೋಟೊದಲ್ಲಿ ಮತ್ತು ಪಕ್ಕದ ಪದಗಳಲ್ಲಿ ಮಾತ್ರ. ಆದ್ದರಿಂದ ಮೊದಲೆರಡು ಚಿತ್ರ ಎರಡಕ್ಕೂ ಒಂದೇ ಇದ್ದರೂ ನಡೆದೀತು. ಬರಹದ ಚಿತ್ರವನ್ನು ಪ್ರತಿಯೊಂದು ನಂಬರಿಗೂ ಆಯಾ ಪೀಸಿನಿಂದಲೇ ತೆಗೆಯಬೇಕು.